ಹುಟ್ಟುವ ಮೊದಲೇ ಹೋದ ಮಗುವಿಗೆ ಮನೆಯಲ್ಲೊಂದು ನೆನಪಿನ ಕೂಟ: ನಡೆಸಿಕೊಡುವವರಿಗೆ ಮಾರ್ಗದರ್ಶಿ

"ನಮ್ಮ ನಾದಿನಿಗೆ ಐದನೆಯ ತಿಂಗಳಿನಲ್ಲಿ ಮಗು ಹೋಯಿತು. ಮನೆಯಲ್ಲಿ ಯಾರೂ ಅದರ ಮಾತೆತ್ತುವುದಿಲ್ಲ. ನಾವು ಏನಾದರೂ ಮಾಡಬಹುದೇ?" ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯ ಓದುಗರಿಂದ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇದೆ. ಕೇಳುವವರು ಹೆಚ್ಚಾಗಿ ತಂದೆತಾಯಿಗಳಲ್ಲ. ಅವರ ಅಕ್ಕ, ಚಿಕ್ಕಮ್ಮ, ಗೆಳತಿ ಅಥವಾ ಜೊತೆಯಲ್ಲಿ ಕೆಲಸ ಮಾಡುವವರು. ಆದ್ದರಿಂದ ಈ ಲೇಖನವನ್ನು ಕೂಟವನ್ನು ನಡೆಸಿಕೊಡುವ ಆ ಒಬ್ಬ ಆಪ್ತರನ್ನು ಉದ್ದೇಶಿಸಿಯೇ ಬರೆದಿದ್ದೇನೆ.

ಇಲ್ಲಿ ಹೇಳುತ್ತಿರುವುದು ದೊಡ್ಡ ಸಮಾರಂಭವಲ್ಲ. ಆರರಿಂದ ಎಂಟು ಜನ, ಮನೆಯ ಜಗುಲಿ ಅಥವಾ ನಡುಮನೆ, ಒಂದು ದೀಪ, ಒಂದು ಪಾತ್ರೆ ನೀರು, ಮೂವತ್ತೈದರಿಂದ ನಲವತ್ತು ನಿಮಿಷ. ಇದನ್ನು ನಡೆಸಲು ಪುರೋಹಿತರೇ ಆಗಬೇಕಿಲ್ಲ. ತಂದೆತಾಯಿ ನಂಬುವ, ಓದುವಾಗ ಧ್ವನಿ ನಡುಗಿದರೂ ಮುಂದುವರಿಯಬಲ್ಲ ಒಬ್ಬರು ಸಾಕು.

ನಮ್ಮ ಬಹುಪಾಲು ಹಿಂದೂ ಮನೆಗಳಲ್ಲಿ ದೊಡ್ಡವರು ತೀರಿಕೊಂಡರೆ ಏನು ಮಾಡಬೇಕೆಂಬುದು ಮೊದಲ ದಿನದಿಂದ ವೈಕುಂಠ ಸಮಾರಾಧನೆಯವರೆಗೆ ಗೊತ್ತಿರುತ್ತದೆ. ಹುಟ್ಟದ ಮಗುವಿಗೆ ಅಂಥ ಕ್ರಮವಿಲ್ಲ. ಸ್ಮೃತಿಗಳು ನಾಲ್ಕನೆಯ ತಿಂಗಳವರೆಗಿನದನ್ನು ಗರ್ಭಸ್ರಾವವೆಂದೂ ಐದು ಮತ್ತು ಆರನೆಯ ತಿಂಗಳಿನದನ್ನು ಗರ್ಭಪಾತವೆಂದೂ ಬೇರೆ ಮಾಡಿ, ಬಸಿರು ಎಷ್ಟು ತಿಂಗಳಾಗಿತ್ತೋ ಅಷ್ಟು ರಾತ್ರಿಗಳ ಅಶೌಚವನ್ನು ತಾಯಿಗೆ ಹೇಳಿ ಅಲ್ಲಿಗೆ ನಿಲ್ಲಿಸುತ್ತವೆ. ಅಳುವುದಕ್ಕೆ ಗೊತ್ತಾದ ಜಾಗವಾಗಲಿ, ಬಂದು ಕೂರುವ ನೆಂಟರಾಗಲಿ ಇಲ್ಲದೆ ತಾಯಿ ಆಸ್ಪತ್ರೆಯಿಂದ ಬಂದ ವಾರಕ್ಕೆಲ್ಲ ಅಡುಗೆಮನೆಗೆ ಹೋಗುತ್ತಾಳೆ. ಈ ಕೂಟ ತುಂಬಬೇಕಾದದ್ದು ಆ ಖಾಲಿ ಜಾಗವನ್ನು, ಅಷ್ಟನ್ನು ಮಾತ್ರ.

1. ತಂದೆತಾಯಿಯನ್ನು ಕೇಳುವುದು

ಎಲ್ಲ ಸಿದ್ಧ ಮಾಡಿಕೊಂಡು ಅಚ್ಚರಿಯಂತೆ ಮುಂದಿಡಬೇಡಿ. ಮೊದಲು ತಾಯಿಯನ್ನೂ ಆಮೇಲೆ ತಂದೆಯನ್ನೂ ಬೇರೆ ಬೇರೆಯಾಗಿ ಕೇಳಿ, ಏಕೆಂದರೆ ಒಬ್ಬರೆದುರು ಇನ್ನೊಬ್ಬರು ತಮಗೆ ಬೇಕಾದುದನ್ನು ಅಡಗಿಸಿಡುತ್ತಾರೆ. "ನಿಮಗೆ ಹೇಗೆ ಬೇಕು?" ಎಂಬ ಅಗಲವಾದ ಪ್ರಶ್ನೆಗೆ ಆ ಸ್ಥಿತಿಯಲ್ಲಿ ಉತ್ತರ ಸಿಗುವುದಿಲ್ಲ. ಚಿಕ್ಕ ಪ್ರಶ್ನೆಗಳನ್ನು ಕೇಳಿ: ಯಾರು ಇರಬೇಕು, ಯಾರು ಇರಬಾರದು? ಮಗುವನ್ನು ಏನೆಂದು ಕರೆಯೋಣ? ಯಾವ ಮಾತನ್ನು ಆ ದಿನ ನೀವು ಕೇಳಲಾರಿರಿ? ಮೂರನೆಯ ಪ್ರಶ್ನೆಯ ಉತ್ತರವನ್ನು ಬರೆದಿಟ್ಟುಕೊಳ್ಳಿ, ಮುಂದೆ ಅದು ಬೇಕಾಗುತ್ತದೆ. ಇಬ್ಬರಲ್ಲಿ ಒಬ್ಬರು ಬೇಡವೆಂದರೆ ಕೂಟವನ್ನು ಮುಂದೂಡಿ. ಆರು ತಿಂಗಳ ನಂತರವೂ, ಹತ್ತು ವರ್ಷದ ನಂತರವೂ ಇದನ್ನು ಮಾಡಬಹುದು.

ಇದೇ ಹೊತ್ತಿನಲ್ಲಿ ಒಂದು ಪದದ ವಿಚಾರವನ್ನು ತಿಳಿಸಿಕೊಡಬೇಕಾಗಬಹುದು. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಯಲ್ಲಿ "ಸ್ಪಾಂಟೇನಿಯಸ್ ಅಬಾರ್ಷನ್" ಅಥವಾ "ಮಿಸ್ಡ್ ಅಬಾರ್ಷನ್" ಎಂದು ಬರೆದಿರುತ್ತಾರೆ. ಅದನ್ನು ಓದಿದ ತಾಯಿಗೆ ತಾನೇ ಏನೋ ಮಾಡಿಸಿಕೊಂಡಂತೆ ಬರೆದಿದ್ದಾರೆ ಎನಿಸುತ್ತದೆ. ಮನೆಯವರಿಗೂ ಹಾಗೆಯೇ ತೋರುತ್ತದೆ. ವೈದ್ಯರ ಭಾಷೆಯಲ್ಲಿ ಅಬಾರ್ಷನ್ ಎಂದರೆ ಮಗು ಹೊರಗೆ ಬದುಕಲಾರದಷ್ಟು ಎಳೆಯದಾಗಿದ್ದಾಗ ಬಸಿರು ಕೊನೆಯಾಗುವುದು, ಅಷ್ಟೇ. ಸ್ಪಾಂಟೇನಿಯಸ್ ಎಂದರೆ ತಾನಾಗಿ ಆದದ್ದು. ಮಿಸ್ಡ್ ಎಂದರೆ ಎದೆಬಡಿತ ನಿಂತಿದ್ದರೂ ದೇಹ ಅದನ್ನು ಇನ್ನೂ ಹೊರಹಾಕಿರಲಿಲ್ಲ ಎಂದು. ಕೂಟದಲ್ಲಿ ಈ ಪದಗಳನ್ನಾಗಲಿ, ಗರ್ಭಪಾತ ಎಂಬ ಪದವನ್ನಾಗಲಿ ಬಳಸಬೇಡಿ. "ಮಗು ಹೋಯಿತು", "ಮಗು ಉಳಿಯಲಿಲ್ಲ" ಎಂದರೆ ಸಾಕು. ಸ್ಕ್ಯಾನಿಂಗಿನಲ್ಲಿ ಗಂಭೀರ ದೋಷ ಕಂಡು ವೈದ್ಯರ ಸಲಹೆಯ ಮೇರೆಗೆ ಬಸಿರನ್ನು ನಿಲ್ಲಿಸಬೇಕಾಗಿ ಬಂದ ದಂಪತಿಗಳಿಗೂ ಇದೇ ಮಾತು ಸಲ್ಲುತ್ತದೆ. ಹೇಗೆ ಹೋಯಿತೆಂಬುದನ್ನು ಅಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಅವರ ದುಃಖವೂ ಇನ್ನೊಬ್ಬರದಕ್ಕಿಂತ ಕಡಿಮೆಯಲ್ಲ.

2. ದಿನ ಗೊತ್ತುಮಾಡುವುದು

ಬೇಗ ಮಾಡಿ ಮುಗಿಸೋಣ ಎಂಬ ಆತುರವೇ ಇಲ್ಲಿ ಹೆಚ್ಚಾಗಿ ಆಗುವ ತಪ್ಪು. ನಾಲ್ಕು ತಿಂಗಳು ದಾಟಿದ ಮೇಲೆ ಮಗು ಹೋದರೆ ಎರಡರಿಂದ ಐದು ದಿನಗಳೊಳಗೆ ತಾಯಿಗೆ ಎದೆಹಾಲು ಇಳಿಯಬಹುದು. ಹಲವರಿಗೆ ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ. ಎದೆ ಗಟ್ಟಿಯಾಗಿ ನೋಯುತ್ತಿರುವಾಗ, ರಕ್ತಸ್ರಾವ ನಿಂತಿರದಾಗ ಅವಳನ್ನು ಜನರ ನಡುವೆ ಕೂರಿಸುವುದು ಸರಿಯಲ್ಲ. ವೈದ್ಯರು ಮರುತಪಾಸಣೆಗೆ ಹೇಳಿದ ದಿನ ಕಳೆಯಲಿ. ಸಾಮಾನ್ಯವಾಗಿ ನಾಲ್ಕನೆಯ ವಾರದಿಂದ ಆರನೆಯ ವಾರದ ನಡುವೆ ಒಂದು ದಿನ ಅನುಕೂಲ. ಆ ಹೊತ್ತಿಗೆ ಮನೆಯವರು ಪಾಲಿಸುವ ಸೂತಕವೂ ಕಳೆದಿರುತ್ತದೆಯಾದ್ದರಿಂದ ಹಿರಿಯರ ಆಕ್ಷೇಪಕ್ಕೆ ಒಂದು ಕಾರಣ ಕಡಿಮೆಯಾಗುತ್ತದೆ. ಜ್ವರ, ದುರ್ವಾಸನೆಯ ಸ್ರಾವ, ಗಂಟೆಗೊಂದು ಪ್ಯಾಡ್ ತೋಯುವಷ್ಟು ರಕ್ತ ಇವುಗಳಲ್ಲಿ ಯಾವುದು ಕಂಡರೂ ಕೂಟದ ಮಾತು ಬಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ದಿನಾಂಕವನ್ನೂ ಲೆಕ್ಕ ಹಾಕಿಕೊಳ್ಳಿ, ಅದು ದಿನ ತುಂಬುವ ದಿನ. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ, ಅಂದರೆ 40 ವಾರ. ತಾಯಿ ಕಾರ್ಡಿನಲ್ಲಿ ಇದನ್ನು ಬರೆದಿರುತ್ತಾರೆ. ಮನೆಯವರೆಲ್ಲ ಮರೆತರೂ ತಾಯಿ ಆ ದಿನವನ್ನು ಮರೆಯುವುದಿಲ್ಲ. ಕೂಟವನ್ನು ಆ ದಿನವೇ ಮಾಡಬೇಕೆಂದಿಲ್ಲ, ಆದರೆ ಅದು ಯಾವಾಗ ಬರುತ್ತದೆಂದು ನಿಮಗೆ ಗೊತ್ತಿರಬೇಕು. ಜಗತ್ತಿನ ಹಲವೆಡೆ ಅಕ್ಟೋಬರ್ 15ನ್ನು ಇಂಥ ಮಕ್ಕಳ ನೆನಪಿನ ದಿನವಾಗಿ ಇಟ್ಟುಕೊಂಡು ಸಂಜೆ 7 ಗಂಟೆಗೆ ದೀಪ ಹಚ್ಚುತ್ತಾರೆ. ತಮ್ಮದೇ ದಿನಾಂಕವನ್ನು ಎದುರಿಸಲಾರೆವು ಎನ್ನುವ ದಂಪತಿಗೆ ಇದು ಒಪ್ಪಿಗೆಯಾಗಬಹುದು.

3. ಹಿರಿಯರೊಡನೆ ಮಾತು

"ಹುಟ್ಟದ ಮಗುವಿಗೆ ಏನು ಮಾಡುವುದು, ಅಪಶಕುನ" ಎಂಬ ಮಾತು ಬಂದೇ ಬರುತ್ತದೆ. ವಾದಿಸಬೇಡಿ. ಇದು ಶ್ರಾದ್ಧವಲ್ಲ, ತಿಥಿಯಲ್ಲ, ಪಿಂಡ, ತರ್ಪಣ ಯಾವುದೂ ಇರುವುದಿಲ್ಲ, ಕೂತು ನೆನೆಯುವುದಷ್ಟೇ ಎಂದು ಮೊದಲೇ ತಿಳಿಸಿದರೆ ಬಹುಪಾಲು ಅಜ್ಜಿಯಂದಿರು ಒಪ್ಪುತ್ತಾರೆ. ಅವರಲ್ಲಿ ಹಲವರು ತಮ್ಮ ಕಾಲದಲ್ಲಿ ಹೋದ ಮಗುವಿನ ಮಾತನ್ನು ಅಂದೇ ಮೊದಲ ಬಾರಿ ಎತ್ತುತ್ತಾರೆ. ಅದಕ್ಕೆ ಕೂಟದಲ್ಲಿ ಅಲ್ಲ, ಈ ಮಾತುಕತೆಯಲ್ಲಿ ಸಮಯ ಕೊಡಿ.

ಸಿದ್ಧತೆಯ ಕೆಲಸದಲ್ಲಿ ಅತ್ಯಂತ ಮುಖ್ಯವಾದದ್ದು, ಬರುವ ಪ್ರತಿಯೊಬ್ಬರಿಗೂ ಹೇಳಬಾರದ ಮಾತುಗಳನ್ನು ಮುಂಚಿತವಾಗಿ ತಿಳಿಸುವುದು. "ಇನ್ನೂ ವಯಸ್ಸಿದೆ, ಮತ್ತೊಂದು ಆಗುತ್ತದೆ." "ಹುಟ್ಟಿ ಹೋಗುವುದಕ್ಕಿಂತ ಇದೇ ವಾಸಿ." "ಯಾರದೋ ದೃಷ್ಟಿ." "ಗ್ರಹಣದ ದಿನ ಹೊರಗೆ ಬಂದಿದ್ದಳಲ್ಲ." "ಪಪಾಯ ತಿಂದಿದ್ದಳೋ ಏನೋ." ಕೊನೆಯ ಮೂರು ಮಾತುಗಳು ತಾಯಿಯ ಮೇಲೋ ಇನ್ನೊಬ್ಬರ ಮೇಲೋ ಅಪವಾದ ಹೊರಿಸುತ್ತವೆ, ಮತ್ತು ಅವು ಸುಳ್ಳು. ಮೊದಲ ಮೂರು ತಿಂಗಳಲ್ಲಿ ಹೋಗುವ ಬಸಿರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಭ್ರೂಣದ ವರ್ಣತಂತುಗಳ ಸಂಖ್ಯೆಯಲ್ಲಿ ಬಂದ ವ್ಯತ್ಯಾಸ. ವರ್ಣತಂತು ಎಂದರೆ ಜೀವಕೋಶದೊಳಗೆ ವಂಶವಾಹಿಗಳನ್ನು ಹೊತ್ತ ಎಳೆ. ಈ ವ್ಯತ್ಯಾಸ ಹೆಚ್ಚಾಗಿ ಬಸಿರಾಗುವ ಗಳಿಗೆಯ ಆಸುಪಾಸಿನಲ್ಲೇ ಆಗಿರುತ್ತದೆ. ತಾಯಿ ತಿಂದದ್ದಕ್ಕೂ ನಡೆದದ್ದಕ್ಕೂ ಸಂಬಂಧವಿಲ್ಲ. ಈ ವಿಷಯವನ್ನು ಹಿರಿಯರಿಗೆ ಮೊದಲೇ ಹೇಳಿ. ಕೂಟದಲ್ಲಿ ಮಾತ್ರ ಯಾವ ಕಾರಣವನ್ನೂ ಹೇಳಬೇಡಿ, ವೈದ್ಯಕೀಯ ಕಾರಣವನ್ನು ಕೂಡ.

ಮನೆಯಲ್ಲಿ ದೊಡ್ಡ ಮಗುವಿದ್ದರೆ ಅದನ್ನು ಕೂರಿಸಿಕೊಳ್ಳಬಹುದು. ಅದಕ್ಕೆ "ಪಾಪು ಮಲಗಿದೆ" ಎನ್ನಬೇಡಿ; ನಿದ್ದೆಗೆ ಹೆದರುವ ಮಕ್ಕಳನ್ನು ನೋಡಿದ್ದೇನೆ. "ಅಮ್ಮನ ಹೊಟ್ಟೆಯಲ್ಲಿದ್ದ ಪಾಪು ಸತ್ತುಹೋಯಿತು, ಅದು ಇನ್ನು ಬರುವುದಿಲ್ಲ, ಅದಕ್ಕೆ ನೀನು ಕಾರಣವಲ್ಲ" ಎಂದು ನೇರವಾಗಿ ಹೇಳಿ.

ಕ್ರೈಸ್ತರ ಮನೆಯಾದರೆ ಮೊದಲು ತಮ್ಮ ಗುರುಗಳನ್ನು ಕೇಳಲಿ. ಕ್ಯಾಥೊಲಿಕ್ ಸಭೆಯಲ್ಲಿ ಮಗುವನ್ನು ಕಳೆದುಕೊಂಡ ತಂದೆತಾಯಿಗಳಿಗೆಂದೇ ಆಶೀರ್ವಾದದ ವಿಧಿಯಿದೆ. ಮುಸ್ಲಿಮರ ಮನೆಯಲ್ಲಿ ನಾಲ್ಕು ತಿಂಗಳು ತುಂಬಿತ್ತೋ ಇಲ್ಲವೋ ಎಂಬುದರ ಮೇಲೆ ಸ್ನಾನ, ಕಫನ್, ಪ್ರಾರ್ಥನೆಗಳ ಕ್ರಮ ನಿಲ್ಲುತ್ತದೆ, ಮತ್ತು ಪಂಥಗಳ ನಡುವೆ ಭೇದವಿದೆಯಾದ್ದರಿಂದ ಇಮಾಮರ ಮಾತೇ ಮುಖ್ಯ. ಮುಂದೆ ಹೇಳುವ ಕ್ರಮ ಆ ವಿಧಿಗಳಿಗೆ ಬದಲಿಯಲ್ಲ.

ಮಗುವಿನ ದೇಹದ ಬಗ್ಗೆಯೂ ಕೇಳುತ್ತಾರೆ. ಹೊರಗೆ ಬದುಕಲಾರದಷ್ಟು ಎಳೆಯ ಭ್ರೂಣವನ್ನು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಆಸ್ಪತ್ರೆಯೇ ವಿಲೇವಾರಿ ಮಾಡುವ ಹಳದಿ ಚೀಲದ ವರ್ಗಕ್ಕೆ ಸೇರಿಸಿವೆ. ಆದ್ದರಿಂದ ಕೈಗೆ ಬೇಕೆನ್ನುವವರು ಆಸ್ಪತ್ರೆಯಲ್ಲಿರುವಾಗಲೇ ವೈದ್ಯರನ್ನು ಕೇಳಬೇಕು; ಆಮೇಲೆ ಕೇಳಿದರೆ ಕಾಲ ಮೀರಿರುತ್ತದೆ. 28 ವಾರ ತುಂಬಿದ ಮೇಲೆ ಜೀವವಿಲ್ಲದೆ ಹುಟ್ಟಿದರೆ ಅದು ಕಾನೂನಿನಲ್ಲಿ ಮೃತಜನನ. ಅದನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಿ ಆದದ್ದಾದರೆ ವರದಿ ಮಾಡುವ ಹೊಣೆ ಆಸ್ಪತ್ರೆಯದು.

4. ಕರೆಯುವ ಹೆಸರು

ಭ್ರೂಣದ ಲಿಂಗವನ್ನು ತಿಳಿಸುವುದು 1994ರ ಕಾಯ್ದೆಯಿಂದ ನಿಷಿದ್ಧವಾದ್ದರಿಂದ ನಮ್ಮಲ್ಲಿ ಎಷ್ಟೋ ದಂಪತಿಗೆ ಹೋದದ್ದು ಗಂಡೋ ಹೆಣ್ಣೋ ಗೊತ್ತಿರುವುದಿಲ್ಲ. ಹೆಸರಿಡುವುದು ಹೇಗೆಂದು ಅವರು ಅಲ್ಲೇ ನಿಲ್ಲುತ್ತಾರೆ. ಕನ್ನಡ ಇಲ್ಲಿ ಕೈಹಿಡಿಯುತ್ತದೆ. "ಮಗು ಬಂತು", "ಕೂಸು ನಕ್ಕಿತು" ಎನ್ನುವ ಭಾಷೆ ನಮ್ಮದು. ಅವನು, ಅವಳು ಎಂದು ತೀರ್ಮಾನಿಸದೆಯೇ ಮಗುವಿನ ಬಗ್ಗೆ ಪ್ರೀತಿಯಿಂದ ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದು. ಹೊಸ ಹೆಸರನ್ನು ಹುಡುಕಬೇಕಾಗಿಯೂ ಇಲ್ಲ. ಬಸಿರಿನಲ್ಲಿ ಗಂಡಹೆಂಡತಿ ಮಗುವನ್ನು ಏನೋ ಒಂದು ಕರೆದಿರುತ್ತಾರೆ: ಪುಟಾಣಿ, ಮರಿ, ಚಿನ್ನು, ಪಾಪು. ಅದನ್ನೇ ಬಳಸಿ. ನಾಮಕರಣ ಮಾಡಿದಂತಾಗುತ್ತದೆಂಬ ಹಿರಿಯರ ಅಳುಕಿಗೂ ಇದು ಪರಿಹಾರ.

ಮನೆಯಲ್ಲಿ ಮುಂದೆ ಹುಟ್ಟುವ ಮಗುವಿಗೆಂದು ಮೀಸಲಿಟ್ಟ ಹೆಸರನ್ನು, ಉದಾಹರಣೆಗೆ ತೀರಿಕೊಂಡ ಅಜ್ಜನ ಹೆಸರನ್ನು, ಈ ಮಗುವಿಗೆ ಕೊಡುವ ಮುನ್ನ ಇಬ್ಬರನ್ನೂ ಎರಡು ಬಾರಿ ಕೇಳಿ. ವರ್ಷದ ನಂತರ ಅದು ಜಗಳಕ್ಕೆ ಕಾರಣವಾಗಬಹುದು.

5. ಸಾಮಾನು ಹೊಂದಿಸುವುದು

ದೀಪಕ್ಕೆ ಮಣ್ಣಿನ ಒಂದು ಹಣತೆ ಸಾಕು. ಆದರೆ ಮಳೆಗಾಲದ ಮಲೆನಾಡಿನ ಮನೆಯಲ್ಲಿ ಗಾಳಿಗೆ ದೀಪ ಆರಿದರೆ ಅಲ್ಲಿರುವ ಒಬ್ಬರಾದರೂ ಅದನ್ನು ಶಕುನವೆಂದು ಓದುತ್ತಾರೆ, ಮತ್ತು ಆ ಕ್ಷಣದಲ್ಲಿ ತಾಯಿಯ ಮುಖ ನೋಡಲಾಗುವುದಿಲ್ಲ. ಹಣತೆಯನ್ನು ಬಾಗಿಲು ಕಿಟಕಿಗಳ ನೇರಕ್ಕೆ ಇಡದೆ ಮೂಲೆಯಲ್ಲಿಡಿ, ಸುತ್ತ ಲಾಟೀನಿನ ಗಾಜು ನಿಲ್ಲಿಸಿ, ಎರಡು ಬತ್ತಿಯನ್ನು ಒಟ್ಟಿಗೆ ಹೊಸೆದು ಹಾಕಿ. ಹಿಂದಿನ ದಿನ ಅದೇ ಹಣತೆಯನ್ನು ಅದೇ ಎಣ್ಣೆಯಲ್ಲಿ ಹಚ್ಚಿ ಎಷ್ಟು ಹೊತ್ತು ಉರಿಯುತ್ತದೆಂದು ನೋಡಿಕೊಳ್ಳಿ. ಒಂದೂವರೆ ಗಂಟೆಯಾದರೂ ಉರಿಯಬೇಕು. ಕೂಟ ಮುಗಿದ ಮೇಲೆ ಯಾರೂ ಅದನ್ನು ನಂದಿಸುವುದು ಬೇಡ.

ನೀರಿಗೆ ಅಗಲ ಬಾಯಿಯ ಉರುಳಿ ಅಥವಾ ಹಿತ್ತಾಳೆಯ ತಟ್ಟೆ. ಹೂವು ಆ ಕಾಲದಲ್ಲಿ ಆ ಮನೆಯ ಹಿತ್ತಲಲ್ಲಿ ಅರಳಿದ್ದು: ಮಳೆಗಾಲದಲ್ಲಿ ಡೇರೆ, ನಂದಬಟ್ಟಲು, ಬೇಸಿಗೆಗೆ ಮೊದಲು ಸುರಗಿ. ಸುರಗಿ ಒಣಗಿದ ಮೇಲೂ ಪರಿಮಳ ಉಳಿಸಿಕೊಳ್ಳುವುದರಿಂದ ಕೆಲವು ತಾಯಂದಿರು ಅದನ್ನು ಎತ್ತಿಟ್ಟುಕೊಳ್ಳಲು ಬಯಸುತ್ತಾರೆ. ಹೊಳೆಗೆ ಹೋಗಿ ಹೂ ಬಿಡೋಣ ಎಂಬ ಸಲಹೆ ಬಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಂಡಿತ ಒಪ್ಪಬೇಡಿ. ಗಾಜನೂರು ಅಣೆಕಟ್ಟೆಯಿಂದ ನೀರು ಬಿಟ್ಟ ದಿನಗಳಲ್ಲಿ ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗುವ ಮಟ್ಟಕ್ಕೆ ತುಂಗೆ ಏರುತ್ತಾಳೆ, ಪಾಚಿ ಹಿಡಿದ ಮೆಟ್ಟಿಲ ಮೇಲೆ ಬಳಲಿದ ದೇಹ ನಿಲ್ಲಲಾರದು.

ಮಗುವಿನದೆಂದು ಮನೆಯಲ್ಲಿ ಇರುವುದು ಹೆಚ್ಚಾಗಿ ಒಂದೇ ವಸ್ತು, ಸ್ಕ್ಯಾನಿಂಗಿನ ಚಿತ್ರ. ಅದನ್ನು ಚೆನ್ನಾಗಿ ಇಡಬೇಕೆಂದು ಲ್ಯಾಮಿನೇಷನ್ ಮಾಡಿಸಲು ಹೋಗಿ ಕಳೆದುಕೊಂಡವರಿದ್ದಾರೆ. ಆ ಕಾಗದದ ಮೇಲೆ ಶಾಖ ತಾಗಿದರೆ ಕಪ್ಪಾಗುವ ಲೇಪನವಿರುತ್ತದೆ, ಅಂಗಡಿಯ ಬಿಲ್ಲಿನ ಕಾಗದದಂತೆ. ಲ್ಯಾಮಿನೇಷನ್ ಯಂತ್ರದ ಬಿಸಿಗೆ ಇಡೀ ಚಿತ್ರ ಕಪ್ಪಾಗುತ್ತದೆ. ದೀಪದ ಪಕ್ಕ ಇಟ್ಟರೂ ಅಂಚು ಕಪ್ಪಾಗುತ್ತದೆ. ಹಾಗೆಯೇ ಬಿಟ್ಟರೆ ಕೆಲವು ವರ್ಷಗಳಲ್ಲಿ ತಾನೇ ಮಾಸುತ್ತದೆ. ಆದ್ದರಿಂದ ಮೊದಲ ಕೆಲಸವಾಗಿ ಅದನ್ನು ಸ್ಕ್ಯಾನ್ ಮಾಡಿಸಿ ಅಥವಾ ಹಗಲಿನ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಮೇಲಿನಿಂದ ನೇರವಾಗಿ ಫೋಟೊ ತೆಗೆದು ಸ್ಟುಡಿಯೊದಲ್ಲಿ ಎರಡು ಪ್ರತಿ ಹಾಕಿಸಿ. ಕೂಟದಲ್ಲಿ ಇಡುವುದು ಪ್ರತಿಯನ್ನು. ಮೂಲವನ್ನು ಕಾಗದದ ಲಕೋಟೆಯಲ್ಲಿ ಹಾಕಿ, ತೇವ ತಾಗದ ಡಬ್ಬಿಯಲ್ಲಿಡಿ. ಚಿತ್ರ ಎಲ್ಲರಿಗೂ ಕಾಣುವಂತಿರಬೇಕೋ ಮಡಿಸಿದ ಬಟ್ಟೆಯ ಕೆಳಗಿರಬೇಕೋ ಎಂಬುದನ್ನು ತಾಯಿಯೇ ಹೇಳಲಿ.

ತಾಯಿಗೆ ಬೆನ್ನು ಒರಗುವ ಕುರ್ಚಿ, ಬಚ್ಚಲಿಗೆ ಹತ್ತಿರದ ಜಾಗ. ನೆಲದ ಮೇಲೆ ಚಾಪೆ ಹಾಸಿ ಎಲ್ಲರ ಮಧ್ಯೆ ಅವಳನ್ನು ಕೂರಿಸಬೇಡಿ, ಎದ್ದು ಹೋಗುವುದು ಕಷ್ಟ.

6. ಕೂಟದ ಕ್ರಮ

ಇದನ್ನು ಒಂದು ಮನೆಯಲ್ಲಿ ನಡೆದಂತೆಯೇ ಹೇಳುತ್ತೇನೆ. ಗುರುತು ಹತ್ತದಂತೆ ಕೆಲವು ವಿವರ ಬಿಟ್ಟಿದ್ದೇನೆ. ತೀರ್ಥಹಳ್ಳಿಯ ಕಡೆಯ ಒಂದು ತೋಟದ ಮನೆ. ಜೂನ್ ಮೊದಲ ವಾರದಲ್ಲಿ, 19 ವಾರ ತುಂಬಿದಾಗ ಮಗು ಹೋಗಿತ್ತು. ಕೂಟ ಜುಲೈ ಎರಡನೆಯ ಶನಿವಾರ ಬೆಳಿಗ್ಗೆ ಹತ್ತೂವರೆಗೆ. ಇದ್ದವರು ಏಳು ಜನ: ಗಂಡಹೆಂಡತಿ, ಅತ್ತೆ ಮಾವ, ತಾಯಿಯ ಅಮ್ಮ, ತಮ್ಮ, ಮತ್ತು ನಡೆಸಿಕೊಟ್ಟ ಗೆಳತಿ. ಫೋನುಗಳನ್ನು ಮೊದಲೇ ಒಳಗಿಟ್ಟಿದ್ದರು, ಹೊರಬಾಗಿಲಲ್ಲಿ ಪಕ್ಕದ ಮನೆಯ ಒಬ್ಬರು ಕೂತಿದ್ದರು, ಏಕೆಂದರೆ ಹಳ್ಳಿಯಲ್ಲಿ ಹಗಲಿನಲ್ಲಿ ಬಾಗಿಲು ಹಾಕಿದರೆ ಯಾರಾದರೂ ಕೂಗಿಕೊಂಡು ಬರುತ್ತಾರೆ.

ಮೊದಲು ಎರಡು ನಿಮಿಷ ಸುಮ್ಮನೆ ಕೂತರು. ಆಮೇಲೆ ಗೆಳತಿ ಬರೆದು ತಂದದ್ದನ್ನು ಓದಿದಳು. ನೀವೂ ಬರೆದುಕೊಂಡೇ ಓದಿ. ಬಾಯಿಗೆ ಬಂದಂತೆ ಮಾತಾಡಲು ಹೊರಟರೆ ಸಮಾಧಾನದ ಮಾತುಗಳು ತಾವಾಗಿ ನುಗ್ಗುತ್ತವೆ. ಅವಳು ಓದಿದ್ದು ಇಷ್ಟು:

"ಈ ಮನೆಯ ಒಂದು ಮಗುವನ್ನು ನೆನೆಯುವುದಕ್ಕೆ ನಾವು ಇಲ್ಲಿ ಕೂತಿದ್ದೇವೆ. ಅದು ಹತ್ತೊಂಬತ್ತು ವಾರ ತನ್ನ ತಾಯಿಯ ಒಡಲಿನಲ್ಲಿತ್ತು. ನಮ್ಮಲ್ಲಿ ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ, ಆದರೆ ಅದು ಬರುತ್ತದೆಂದು ಎಲ್ಲರೂ ಕಾದಿದ್ದೆವು. ಅದರ ಅಪ್ಪ ಅಮ್ಮ ಅದನ್ನು ಪುಟಾಣಿ ಎಂದು ಕರೆಯುತ್ತಿದ್ದರು, ನಾವೂ ಹಾಗೆಯೇ ಕರೆಯುತ್ತೇವೆ. ಇಲ್ಲಿ ಯಾರೂ ಏನನ್ನೂ ವಿವರಿಸಬೇಕಾಗಿಲ್ಲ. ಅಳು ಬಂದರೆ ಅಳಬಹುದು. ಹೊರಗೆ ಹೋಗಬೇಕೆನಿಸಿದರೆ ಹೋಗಿ ಬರಬಹುದು."

ನಂತರ ಗಂಡಹೆಂಡತಿ ಸೇರಿ ದೀಪ ಹಚ್ಚಿದರು. ಕಡ್ಡಿ ಗೀರಿದವನು ತಂದೆ. ಇಂಥ ಕಡೆ ತಂದೆಯನ್ನು ಕಾಫಿ ತರಲು, ಕುರ್ಚಿ ಹಾಕಲು ಓಡಾಡಿಸಿಬಿಡುತ್ತಾರೆ, ಅವನೂ ಅದರಲ್ಲೇ ಅಡಗಿಕೊಳ್ಳುತ್ತಾನೆ. ಅವನಿಗೆ ಕೂತು ಮಾಡುವ ಒಂದು ಕೆಲಸವನ್ನು ಮೊದಲೇ ಗೊತ್ತುಮಾಡಿ.

ಆಮೇಲೆ ತಂದೆತಾಯಿಯ ಮಾತು. ಇಬ್ಬರೂ ಒಂದೊಂದು ಕಾಗದ ಬರೆದಿದ್ದರು. ತಾಯಿ ತನ್ನದನ್ನು ತಾನೇ ಓದಿದಳು, ಮಗು ಮೊದಲು ಅಲುಗಾಡಿದ್ದು ಬಸ್ಸಿನಲ್ಲಿ ಎಂಬ ಒಂದು ಸಾಲು ಅದರಲ್ಲಿತ್ತು. ತಂದೆಗೆ ಎರಡನೆಯ ಸಾಲಿಗೆ ಗಂಟಲು ಕಟ್ಟಿತು. ಇದು ಆಗುತ್ತದೆಂದು ತಿಳಿದೇ ಗೆಳತಿ ಹಿಂದಿನ ದಿನ ಆ ಕಾಗದದ ಪ್ರತಿಯನ್ನು ತೆಗೆದುಕೊಂಡಿದ್ದಳು, ಅವನು ತಲೆಯಾಡಿಸಿದ ಮೇಲೆ ಉಳಿದುದನ್ನು ಅವಳು ಓದಿದಳು. ಒಪ್ಪಿಗೆಯಿಲ್ಲದೆ ಕಾಗದವನ್ನು ಕೈಯಿಂದ ತೆಗೆದುಕೊಳ್ಳಬೇಡಿ. ಅರ್ಧ ನಿಮಿಷ ಕಾಯಿರಿ, ಆ ಮೌನ ನಿಮಗೆ ಅನಿಸುವಷ್ಟು ಉದ್ದವಿರುವುದಿಲ್ಲ. ಬರೆಯಲು ತೋಚದವರಿಗೆ ಮೂರು ಆರಂಭಗಳನ್ನು ಕೊಡಬಹುದು: "ನೀನು ಇದ್ದೀಯೆಂದು ನಮಗೆ ಗೊತ್ತಾದ ದಿನ…", "ನಿನಗೆಂದು ನಾವು…", "ನಿನಗೆ ಹೇಳಬೇಕಾಗಿದ್ದು…".

ಮುಂದೆ ಹೂವು. ಒಬ್ಬೊಬ್ಬರಾಗಿ ಎದ್ದು ಉರುಳಿಯ ನೀರಿಗೆ ಒಂದು ಹೂ ಬಿಡುವುದು, ಬೇಕಾದರೆ "ಪುಟಾಣಿ" ಎಂದು ಒಮ್ಮೆ ಕರೆಯುವುದು, ಬೇರೆ ಮಾತಿಲ್ಲ. ಮಾತಾಡಲು ಬಾರದ ಮಾವನಂಥವರಿಗೆ ಇದೇ ದೊಡ್ಡ ಅನುಕೂಲ. ಅವರು ಹೂ ಬಿಟ್ಟು ಅಭ್ಯಾಸದಂತೆ "ಬರುವ ವರ್ಷ ದೇವರ ದಯೆಯಿಂದ…" ಎಂದು ಶುರುಮಾಡಿದರು. ಗೆಳತಿ ಅವರ ಮಾತನ್ನು ತಿದ್ದಲಿಲ್ಲ. "ಮಾವಯ್ಯ, ಈ ಹೊತ್ತು ಪುಟಾಣಿಯದು ಮಾತ್ರ" ಎಂದು ಮೆಲ್ಲಗೆ ಹೇಳಿ ಅವರ ಕೈ ಹಿಡಿದು ಕೂರಿಸಿದಳು. ಈ ಒಂದು ವಾಕ್ಯವನ್ನು ನೀವೂ ಸಿದ್ಧವಾಗಿಟ್ಟುಕೊಳ್ಳಿ. ಮೊದಲ ಹಂತದಲ್ಲಿ ತಾಯಿ ಕೇಳಲಾರೆನೆಂದ ಮಾತು ಯಾರ ಬಾಯಲ್ಲಿ ಬಂದರೂ ಇದನ್ನೇ ಬಳಸಬಹುದು.

ಜೋಗುಳ ಹಾಡಬೇಕೆಂದು ತಾಯಿಯ ಅಮ್ಮನಿಗೆ ಆಸೆಯಿತ್ತು, ಮಗಳು ಬೇಡವೆಂದಿದ್ದಳು, ಹಾಡಲಿಲ್ಲ. ಜೋಗುಳ ಕಿವಿಗೆ ಬಿದ್ದರೆ ಎದೆಹಾಲು ಉಕ್ಕುವುದುಂಟು. ತಾಯಿಯೇ ಕೇಳಿದರೆ ಮಾತ್ರ ಹಾಡಿ.

ಕೊನೆಗೆ ಗೆಳತಿ ಓದಿದ್ದು: "ದೀಪ ತಾನಾಗಿ ಶಾಂತವಾಗುವವರೆಗೆ ಉರಿಯಲಿ. ಇನ್ನು ಮುಂದೆ ಈ ಮನೆಯಲ್ಲಿ ಪುಟಾಣಿಯ ಮಾತು ಬಂದರೆ ನಾವು ಯಾರೂ ಮಾತು ಬದಲಿಸುವುದಿಲ್ಲ." ಇದನ್ನು ಎಲ್ಲರೂ ಕೇಳಿಸಿಕೊಳ್ಳುವಂತೆ, ಅವಸರವಿಲ್ಲದೆ ಓದಬೇಕು. ಇಡೀ ಕೂಟದಲ್ಲಿ ಮನೆಯವರು ಒಪ್ಪಿಕೊಳ್ಳುವ ಹೊಣೆ ಇದೊಂದೇ.

ಎಲ್ಲ ಸೇರಿ ಮೂವತ್ತೈದು ನಿಮಿಷವಾಯಿತು. ಉರುಳಿಯ ನೀರನ್ನೂ ಹೂವನ್ನೂ ಅಂಗಳದ ಸಂಪಿಗೆಯ ಬುಡಕ್ಕೆ ತಂದೆ ಹಾಕಿದನು. ಆಮೇಲೆ ಬಿಸಿ ಕಾಫಿ, ಗಂಜಿ, ಉಪ್ಪಿನಕಾಯಿ; ಸಿಹಿ ಮಾಡಿರಲಿಲ್ಲ, ಹಬ್ಬದೂಟವೂ ತಿಥಿಯೂಟವೂ ಎನಿಸದಂತೆ.

ನೆನಪಿಗೆ ಹೊಸ ಗಿಡ ನೆಡುವ ಆಸೆ ಹಲವರಿಗಿರುತ್ತದೆ. ಮಲೆನಾಡಿನಲ್ಲಿ ಮಳೆ ಹಿಡಿದ ಮೇಲೆ ನೆಟ್ಟದ್ದು ಬೇರೂರುತ್ತದೆ, ಆದರೆ ದನ ಮೇಯ್ದು, ಹಂದಿ ಬಗೆದು, ಮಾರ್ಚಿಯ ಬಿಸಿಲಿಗೆ ಒಣಗಿ ಹೋಗುವುದೂ ಉಂಟು. ಗಿಡ ಸತ್ತ ದಿನ ಮಗು ಎರಡನೆಯ ಬಾರಿ ಹೋದಂತಾಗುತ್ತದೆ. ಅದಕ್ಕಾಗಿಯೇ ಬೆಳೆದು ನಿಂತ ಮರವೊಂದನ್ನು ಆರಿಸಿಕೊಳ್ಳಿ ಎನ್ನುತ್ತೇನೆ. ಬಾಡಿಗೆ ಮನೆಯವರು ಕುಂಡದಲ್ಲಿ ನೆಟ್ಟರೆ ಹೋದಲ್ಲಿಗೆ ಒಯ್ಯಬಹುದು. ಆಗಲೂ "ಇದೇ ನಿಮ್ಮ ಮಗು" ಎಂದು ಯಾರೂ ಹೇಳುವುದು ಬೇಡ.

7. ಕೂಟದ ನಂತರ

ಆಶಾ ಕಾರ್ಯಕರ್ತೆಗೂ ಅಂಗನವಾಡಿಗೂ ಯಾರಾದರೂ ಒಬ್ಬರು ಹೋಗಿ ವಿಷಯ ತಿಳಿಸಿ ಬನ್ನಿ. ಇಲ್ಲದಿದ್ದರೆ ಬಸುರಿಯರ ಪಟ್ಟಿಯಲ್ಲಿ ಹೆಸರಿದೆಯೆಂದು ಅವರು ತಪಾಸಣೆಗೆ, ಊಟಕ್ಕೆ ಕರೆಯಲು ಬಂದಾಗ ತಾಯಿಯೇ ಉತ್ತರ ಹೇಳಬೇಕಾಗುತ್ತದೆ. ತೆಗೆದಿಟ್ಟ ತೊಟ್ಟಿಲು, ಕುಲಾವಿಗಳನ್ನು ಅವಳನ್ನು ಕೇಳದೆ ಯಾರಿಗೂ ಕೊಡಬೇಡಿ.

ಕೂಟದ ಮರುದಿನ ಅವಳು ಹಗುರಾಗುತ್ತಾಳೆಂದು ಎದುರುನೋಡಬೇಡಿ. ಎರಡು ಮೂರು ದಿನ ಅಳು ಹೆಚ್ಚಾಗುವುದು ಸಾಮಾನ್ಯ. ಗಮನಿಸಬೇಕಾದದ್ದು ಬೇರೆ: ಎರಡು ವಾರ ಕಳೆದರೂ ನಿದ್ದೆ ಊಟ ಮರಳದಿರುವುದು, ತಾನೇ ಕೊಂದೆನೆಂದು ಮತ್ತೆ ಮತ್ತೆ ಹೇಳುವುದು, ಸಾಯುವ ಮಾತು. ಇವು ಕಂಡರೆ ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ತಂದೆಯ ಮೇಲೂ ಇದೇ ಕಣ್ಣಿರಲಿ; ಅವನಲ್ಲಿ ಅದು ಕುಡಿತವಾಗಿಯೋ ಮನೆಗೆ ತಡವಾಗಿ ಬರುವುದಾಗಿಯೋ ತೋರಬಹುದು.

ಇನ್ನು ದಿನ ತುಂಬುವ ದಿನ. ತೀರ್ಥಹಳ್ಳಿಯ ಆ ಮನೆಯಲ್ಲಿ ಲೆಕ್ಕ ಹಾಕಿದಾಗ ಅದು ಅಕ್ಟೋಬರ್ ಕೊನೆಯ ದಿನಗಳಿಗೆ, ದೀಪಾವಳಿಯ ಆಸುಪಾಸಿಗೆ ಬರುತ್ತಿತ್ತು. ಮಲೆನಾಡಿನಲ್ಲಿ ಅದು ವರ್ಷದ ದೊಡ್ಡ ಹಬ್ಬ. ಮನೆ ತುಂಬ ನೆಂಟರು, ಮಕ್ಕಳು. ಗೆಳತಿ ಜುಲೈಯಲ್ಲೇ ಆ ದಿನಾಂಕವನ್ನು ತನ್ನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದಳು. ಹಬ್ಬಕ್ಕೆ ಒಂದು ವಾರ ಮೊದಲು ಅತ್ತೆಗೆ ಫೋನು ಮಾಡಿ, ಆ ದಿನ ಸೊಸೆಯನ್ನು ಬಾಗಿನ, ಆರತಿಗೆಂದು ಮುಂದೆ ಕರೆಯಬೇಡಿ, ಅವಳು ಬರುತ್ತೇನೆಂದರೆ ತಡೆಯಲೂ ಬೇಡಿ ಎಂದು ಹೇಳಿದಳು. ಸಂಜೆ ಮನೆಯ ಸುತ್ತ ಹಣತೆ ಇಡುವಾಗ ಅತ್ತೆಯೇ ಒಂದನ್ನು ಸಂಪಿಗೆಯ ಬುಡದಲ್ಲಿ ಇಟ್ಟು ಬಂದರು.